ಪ್ರಾಕ್ಕಲ್ಪನೆ ಸಮರ್ಥಿತವಾಗದಿದ್ದಾಗ: ಮಹಾಪ್ರಬಂಧದ ಫಲಿತಾಂಶ ಅಧ್ಯಾಯದ ಬರವಣಿಗೆ

ಕನ್ನಡದ ಸಾಮಾಜಿಕ ಉಪಭಾಷೆಗಳ ಅಧ್ಯಯನದಲ್ಲಿ ವಿಲಿಯಂ ಬ್ರೈಟ್ ಅವರ ಹೆಸರು ಪರಿಚಿತವಾದುದು. ಆಡುಗನ್ನಡದ ವ್ಯಾಕರಣ ರೂಪರೇಖೆಯನ್ನು 1958ರಲ್ಲಿ ಪ್ರಕಟಿಸಿದ ಅವರು, 1960ರಲ್ಲಿ ಮೈಸೂರು ಪ್ರದೇಶದ ಬ್ರಾಹ್ಮಣ ಮತ್ತು ಬ್ರಾಹ್ಮಣೇತರ ಕನ್ನಡಗಳನ್ನು ಹೋಲಿಸಿ ಒಂದು ಪ್ರಾಕ್ಕಲ್ಪನೆಯನ್ನು ಮುಂದಿಟ್ಟರು. ಪದಗಳ ಸ್ವೀಕರಣ, ಅನ್ಯಭಾಷಾ ಧ್ವನಿಗಳ ಅಳವಡಿಕೆ ಮುಂತಾದ, ಭಾಷಿಕರ ಅರಿವಿಗೆ ಬರುವ ಬದಲಾವಣೆಗಳು ಮೇಲುವರ್ಗದ ಮಾತಿನಲ್ಲಿ ಹೆಚ್ಚು. ದೇಶ್ಯ ಧ್ವನಿವ್ಯವಸ್ಥೆ ಮತ್ತು ಪ್ರತ್ಯಯಗಳಲ್ಲಿ ಅರಿವಿಲ್ಲದೆ ನಡೆಯುವ ಬದಲಾವಣೆಗಳು ಉಳಿದವರ ಮಾತಿನಲ್ಲಿ ಹೆಚ್ಚು ಎಂಬುದು ಅದರ ಸಾರ. ಬಳಿಕ ಅವರು ಎ.ಕೆ. ರಾಮಾನುಜನ್ ಅವರೊಡಗೂಡಿ ಇದೇ ವಿಚಾರವನ್ನು ತಮಿಳು ಮತ್ತು ತುಳು ಸಾಮಗ್ರಿಯ ಮೇಲೆ ಪರೀಕ್ಷಿಸಿದರು. 1962ರ ಒಂಬತ್ತನೆಯ ಅಂತರರಾಷ್ಟ್ರೀಯ ಭಾಷಾವಿಜ್ಞಾನಿಗಳ ಸಮ್ಮೇಳನದಲ್ಲಿ ಮಂಡಿತವಾದ ಈ ಪ್ರಬಂಧವು 1964ರಲ್ಲಿ ಅಚ್ಚಾಯಿತು. ತುಳುವಿನಲ್ಲಿ ಪ್ರಾಕ್ಕಲ್ಪನೆ ನಿಲ್ಲಲಿಲ್ಲ. ಅರಿವಿಲ್ಲದೆ ನಡೆಯುವ ಧ್ವನಿಬದಲಾವಣೆಗಳು ಅಲ್ಲಿ ಎರಡೂ ಪ್ರಭೇದಗಳಲ್ಲಿ ಕಂಡುಬಂದವು.

ಈ ಪ್ರಬಂಧದ ಮಹತ್ವವಿರುವುದು ಅದು ತುಳುವಿನ ಸಂಗತಿಯನ್ನು ಮುಚ್ಚಿಡಲಿಲ್ಲ ಎಂಬಲ್ಲಿ. ಕನ್ನಡದಲ್ಲಿ ಕಂಡದ್ದು ತುಳುವಿನಲ್ಲಿ ಕಾಣಲಿಲ್ಲ ಎಂಬುದನ್ನು ಫಲಿತಾಂಶವಾಗಿಯೇ ಒಪ್ಪಿಕೊಂಡು, ಇದಕ್ಕೆ ಕಾರಣವಿರಬಹುದಾದ ಒಂದು ಸಂಗತಿಯನ್ನು ಲೇಖಕರು ಸೂಚಿಸಿದರು. ಬರವಣಿಗೆಯ ಬಳಕೆಯುಳ್ಳ ಭಾಷೆಯಲ್ಲಿ ಅಕ್ಷರಜ್ಞಾನವು ಬದಲಾವಣೆಗೆ ತಡೆಯಾಗುತ್ತದೆ. ತುಳುವಿನಲ್ಲಿ ಅಂತಹ ತಡೆ ಇರಲಿಲ್ಲ ಎಂಬುದು ಆ ಸೂಚನೆ. ಅಕ್ಷರಜ್ಞಾನ ಮತ್ತು ಭಾಷಾಬದಲಾವಣೆಯ ಸಂಬಂಧವನ್ನು ಕುರಿತ ಈ ಪ್ರಶ್ನೆ ಹುಟ್ಟಿದ್ದೇ ಮೊದಲ ಪ್ರಾಕ್ಕಲ್ಪನೆ ಒಂದೆಡೆ ಸೋತದ್ದರಿಂದ. ಸೋಲನ್ನು ಮರೆಸಿದ್ದರೆ ಪ್ರಶ್ನೆಯೂ ಮರೆಯಾಗುತ್ತಿತ್ತು.

ಕನ್ನಡ ವಿಭಾಗಗಳಲ್ಲಿ ಕ್ಷೇತ್ರಕಾರ್ಯವನ್ನು ಆಧರಿಸಿದ ಮಹಾಪ್ರಬಂಧಗಳು ಸಿದ್ಧವಾಗುವಾಗ ಇಂತಹ ಸನ್ನಿವೇಶ ಎದುರಾಗುವುದು ಅಪರೂಪವಲ್ಲ. ಮೂರು ನಾಲ್ಕು ವರ್ಷ ಸಾಮಗ್ರಿ ಸಂಗ್ರಹಿಸಿ, ಲಿಪ್ಯಂತರ ಮಾಡಿ, ಎಣಿಸಿದ ಮೇಲೆ ಪ್ರಾಕ್ಕಲ್ಪನೆಯನ್ನು ಅಂಕಿಗಳು ಬೆಂಬಲಿಸುವುದಿಲ್ಲವೆಂದು ತಿಳಿಯುತ್ತದೆ. ಸಲ್ಲಿಕೆಯ ಅವಧಿ ಹತ್ತಿರವಾಗಿರುತ್ತದೆ. ಮೌಲ್ಯಮಾಪಕರು ಏನೆನ್ನುವರೋ ಎಂಬ ಆತಂಕವಿರುತ್ತದೆ. ಫಲಿತಾಂಶ ಅಧ್ಯಾಯದಲ್ಲಿ 'ಪ್ರಾಕ್ಕಲ್ಪನೆಯು ಬಹುಮಟ್ಟಿಗೆ ಸಮರ್ಥಿತವಾಗಿದೆ' ಎಂಬ ವಾಕ್ಯ ಕಾಣಿಸಿಕೊಳ್ಳುವುದು ಹೆಚ್ಚಾಗಿ ಈ ಹಂತದಲ್ಲಿಯೇ. ಹಾಗೆ ಬರೆಯುವವರೆಲ್ಲರೂ ತಿಳಿದು ಸುಳ್ಳು ಹೇಳುತ್ತಾರೆಂದಲ್ಲ. ಪ್ರಾಮಾಣಿಕ ಬರವಣಿಗೆಗೆ ಉದ್ದೇಶಶುದ್ಧಿಯಷ್ಟೇ ಸಾಲದು. ಯಾವ ಹಂತದಲ್ಲಿ ಕೈ ಜಾರುತ್ತದೆ ಎಂಬ ತಿಳಿವಳಿಕೆಯೂ ಬೇಕು. ಪ್ರಸ್ತುತ ಲೇಖನವು ಒಂದು ಉದಾಹರಣೆಯ ಮೂಲಕ ಅಂತಹ ಕೆಲವು ಹಂತಗಳನ್ನು ವಿವರಿಸುತ್ತದೆ.

ಉದಾಹರಣೆಯ ಸ್ವರೂಪ

ಇಲ್ಲಿ ಬಳಸಿರುವ ಅಧ್ಯಯನವು ವಿವರಣೆಗಾಗಿ ಕಲ್ಪಿಸಿಕೊಂಡದ್ದು. ಅದರ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಮಾತ್ರ ಇವೆ, ಯಾವುದೇ ಊರಿನ ಭಾಷಾಸ್ಥಿತಿಯನ್ನು ಕುರಿತ ಹೇಳಿಕೆಗಳಲ್ಲ. ಆದರೆ ಅಧ್ಯಯನದ ವಿಷಯ ಕನ್ನಡದ ಸಂಶೋಧಕರಿಗೆ ಸುಪರಿಚಿತ. ಹಳೆಯ ಮೈಸೂರು ಪ್ರದೇಶದ ಗ್ರಾಮೀಣ ಮಾತಿನಲ್ಲಿ ಪದಾದಿಯ ಹಕಾರ ಲೋಪವಾಗಿ 'ಹಾಲು' ಎಂಬುದು 'ಆಲು' ಎಂದೂ 'ಹೋಗು' ಎಂಬುದು 'ಓಗು' ಎಂದೂ ಕೇಳಿಬರುತ್ತದೆ. ಶಾಲಾ ಶಿಕ್ಷಣವು ಈ ಲೋಪವನ್ನು ಕಡಿಮೆ ಮಾಡುತ್ತದೆಯೇ ಎಂಬುದು ಸಂಶೋಧಕರ ಪ್ರಶ್ನೆ.

ನೋಂದಣಿಯ ವೇಳೆ ಸಲ್ಲಿಸಿದ ಸಾರಲೇಖದಲ್ಲಿ ಪ್ರಾಕ್ಕಲ್ಪನೆ ಹೀಗಿದೆ: ಪ್ರೌಢಶಾಲೆ ಮುಗಿಸಿದ ಭಾಷಿಕರಲ್ಲಿ ಪದಾದಿ ಹಕಾರದ ಲೋಪವು, ಪ್ರಾಥಮಿಕ ಹಂತದಲ್ಲಿಯೇ ಶಾಲೆ ಬಿಟ್ಟವರಿಗಿಂತ ಕನಿಷ್ಠ 20 ಶೇಕಡಾ ಅಂಶಗಳಷ್ಟು ಕಡಿಮೆ ಇರುತ್ತದೆ. ಒಂದೊಂದು ಗುಂಪಿನಲ್ಲಿ 20ರಂತೆ 40 ಭಾಷಿಕರ ಸಂಭಾಷಣೆಯನ್ನು ಧ್ವನಿಮುದ್ರಿಸಿ, ಪ್ರತಿಯೊಬ್ಬರ ಮಾತಿನಿಂದ ಹಕಾರ ಬರಬೇಕಾದ 50 ಪದಪ್ರಯೋಗಗಳನ್ನು ಆಯ್ದು ಎಣಿಸಲಾಗಿದೆ. ಒಟ್ಟು ಪ್ರಯೋಗಗಳು 2,000. ಪ್ರಾಥಮಿಕ ಶಿಕ್ಷಣದ ಗುಂಪಿನಲ್ಲಿ ಲೋಪದ ಸರಾಸರಿ ಶೇಕಡಾ 46, ಪ್ರೌಢಶಿಕ್ಷಣದ ಗುಂಪಿನಲ್ಲಿ ಶೇಕಡಾ 41. ವ್ಯತ್ಯಾಸ ಇರುವುದು ನಿರೀಕ್ಷಿಸಿದ ದಿಕ್ಕಿನಲ್ಲಿಯೇ. ಆದರೆ ಅದರ ಪ್ರಮಾಣ ಕೇವಲ 5 ಅಂಶ.

ಸಾರಲೇಖದ ವಾಕ್ಯವೇ ಅಳತೆಗೋಲು

ಮೊದಲ ಜಾರುವಿಕೆ ನಡೆಯುವುದು ಫಲಿತಾಂಶ ಅಧ್ಯಾಯದಲ್ಲಲ್ಲ, ಪೀಠಿಕೆಯಲ್ಲಿ. ಅಂಕಿಗಳು ಕೈಸೇರಿದ ಮೇಲೆ ಸಂಶೋಧಕರು ಮೊದಲ ಅಧ್ಯಾಯಕ್ಕೆ ಹಿಂದಿರುಗಿ ಪ್ರಾಕ್ಕಲ್ಪನೆಯ ವಾಕ್ಯವನ್ನು ತಿದ್ದುತ್ತಾರೆ. 'ಕನಿಷ್ಠ 20 ಅಂಶ' ಎಂಬುದು ಹೋಗಿ 'ಶಿಕ್ಷಣಕ್ಕೂ ಹಕಾರ ಲೋಪಕ್ಕೂ ಸಂಬಂಧವಿದೆ' ಎಂಬ ಸಡಿಲ ವಾಕ್ಯ ಬರುತ್ತದೆ. ಇದನ್ನು ಅವರು ಭಾಷೆಯ ಪರಿಷ್ಕರಣವೆಂದು ಭಾವಿಸಿರಬಹುದು. ಆದರೆ ಓದುಗರಿಗೆ ಅದು ಸಾಮಗ್ರಿಗೆ ಮೊದಲೇ ಹೇಳಿದ ಭವಿಷ್ಯವಾಕ್ಯವಾಗಿ ಕಾಣುತ್ತದೆ. ವಾಸ್ತವವಾಗಿ ಅದು ಸಾಮಗ್ರಿಯನ್ನು ನೋಡಿ ಬರೆದದ್ದು. ಮನೋವಿಜ್ಞಾನಿ ನಾರ್ಬರ್ಟ್ ಕೆರ್ 1998ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಫಲಿತಾಂಶ ತಿಳಿದ ಬಳಿಕ ಪ್ರಾಕ್ಕಲ್ಪನೆ ರಚಿಸುವ ಈ ರೂಢಿಯನ್ನು ಹೆಸರಿಟ್ಟು ವಿಶ್ಲೇಷಿಸಿದ್ದಾರೆ. ಇದರ ದೋಷ ಸ್ಪಷ್ಟವಾದುದು. ಸಾಮಗ್ರಿಯಿಂದಲೇ ಹುಟ್ಟಿದ ಹೇಳಿಕೆಯನ್ನು ಅದೇ ಸಾಮಗ್ರಿ ಅಲ್ಲಗಳೆಯಲಾರದು. ಅಲ್ಲಗಳೆಯಲಾಗದ ಹೇಳಿಕೆ ಪರೀಕ್ಷೆಗೆ ಒಳಗಾಗಿದೆ ಎನ್ನುವಂತಿಲ್ಲ.

ಇತರ ಕೆಲವು ಶಿಸ್ತುಗಳಲ್ಲಿ ಅಧ್ಯಯನ ಆರಂಭವಾಗುವ ಮುನ್ನ ಪ್ರಾಕ್ಕಲ್ಪನೆಯನ್ನು ಸಾರ್ವಜನಿಕವಾಗಿ ದಾಖಲಿಸುವ ವ್ಯವಸ್ಥೆ ಬೆಳೆದು ಬಂದಿದೆ. ಪಿಎಚ್.ಡಿ. ನೋಂದಣಿಯ ಸಾರಲೇಖವು ಇದೇ ಕೆಲಸವನ್ನು ಮಾಡಬಲ್ಲದು ಎಂಬುದು ಗಮನಾರ್ಹ. ಅದಕ್ಕೆ ದಿನಾಂಕವಿದೆ, ಮಾರ್ಗದರ್ಶಕರ ಸಹಿಯಿದೆ, ವಿಶ್ವವಿದ್ಯಾಲಯದ ಕಡತದಲ್ಲಿ ಅದರ ಪ್ರತಿಯಿದೆ. ಆದ್ದರಿಂದ ಫಲಿತಾಂಶ ಅಧ್ಯಾಯದ ಮೊದಲ ಪುಟದಲ್ಲಿ ಪ್ರಾಕ್ಕಲ್ಪನೆಯನ್ನು ಸಾರಲೇಖದಲ್ಲಿ ಇದ್ದಂತೆಯೇ, ಅಕ್ಷರವನ್ನೂ ಬದಲಿಸದೆ, ದಿನಾಂಕದೊಡನೆ ಉದ್ಧರಿಸುವುದು ಉಚಿತ. ನಡುವೆ ನ್ಯಾಯವಾದ ಬದಲಾವಣೆಗಳು ಆಗಿರಬಹುದು. ಒಂದು ಊರಿನಲ್ಲಿ ಸಾಕಷ್ಟು ಭಾಷಿಕರು ದೊರೆಯದೆ ಇನ್ನೊಂದನ್ನು ಸೇರಿಸಿರಬಹುದು. ಅಂತಹ ಬದಲಾವಣೆ ಯಾವಾಗ ಆಯಿತು, ಅದು ಎಣಿಕೆಗೆ ಮೊದಲೋ ಅನಂತರವೋ ಎಂಬುದನ್ನು ಒಂದೊಂದು ವಾಕ್ಯದಲ್ಲಿ ತಿಳಿಸಿದರೆ ಸಾಕು.

ಸಾರಲೇಖದಲ್ಲಿ ಪ್ರಮಾಣವನ್ನೇ ಹೇಳದೆ 'ಕಡಿಮೆ ಇರುತ್ತದೆ' ಎಂದಷ್ಟೇ ಬರೆದಿರುವುದೂ ಉಂಟು. ಆಗ ಎಷ್ಟು ಕಡಿಮೆಯಾದರೆ ಭಾಷಾವೈಜ್ಞಾನಿಕವಾಗಿ ಅರ್ಥಪೂರ್ಣವೆಂಬುದನ್ನು ಹಿಂದಿನ ಅಧ್ಯಯನಗಳ ಆಧಾರದಿಂದ ಈಗ ನಿರ್ಣಯಿಸಬೇಕಾಗುತ್ತದೆ. ಆ ನಿರ್ಣಯವು ಅಂಕಿಗಳನ್ನು ನೋಡಿದ ಮೇಲೆ ಮಾಡಿದ್ದೆಂದು ಸ್ಪಷ್ಟವಾಗಿ ಬರೆಯುವುದೇ ಅಲ್ಲಿ ಪ್ರಾಮಾಣಿಕತೆ.

ಎಣಿಕೆಯ ಘಟಕ ಯಾವುದು

ಎರಡನೆಯ ಜಾರುವಿಕೆ ಲೆಕ್ಕಕ್ಕೆ ಸಂಬಂಧಿಸಿದ್ದು. ಭಾಷಾ ಅಧ್ಯಯನಗಳಲ್ಲಿ ಇದು ವಿಶೇಷವಾಗಿ ಅಪಾಯಕಾರಿ. ಮೇಲಿನ ಉದಾಹರಣೆಯಲ್ಲಿ 40 ಭಾಷಿಕರಿದ್ದಾರೆ, 2,000 ಪ್ರಯೋಗಗಳಿವೆ. ಇವುಗಳಲ್ಲಿ ಯಾವುದನ್ನು ಸ್ವತಂತ್ರ ವೀಕ್ಷಣೆಯೆಂದು ಪರಿಗಣಿಸಬೇಕು?

ಪ್ರಯೋಗಗಳನ್ನು ಪರಿಗಣಿಸಿದರೆ ಪ್ರತಿ ಗುಂಪಿಗೆ 1,000 ವೀಕ್ಷಣೆಗಳಾಗುತ್ತವೆ. ಶೇಕಡಾ 46 ಮತ್ತು 41ರ ನಡುವಣ ವ್ಯತ್ಯಾಸದ ಮಾನಕ ದೋಷ ಸುಮಾರು 2.2 ಅಂಶ. 5ನ್ನು 2.2ರಿಂದ ಭಾಗಿಸಿದರೆ ಸುಮಾರು 2.3 ಬರುತ್ತದೆ, ಅದಕ್ಕೆ ಸಂಬಂಧಿಸಿದ ಸಂಭವನೀಯತೆಯ ಮೌಲ್ಯ ಸುಮಾರು 0.02. ರೂಢಿಯ 0.05ರ ಮಿತಿಗಿಂತ ಇದು ಕಡಿಮೆ. ಆದ್ದರಿಂದ 'ವ್ಯತ್ಯಾಸವು ಸಾಂಖ್ಯಿಕವಾಗಿ ಸಾರ್ಥಕ' ಎಂದು ಬರೆಯಲು ಅನುಮತಿ ದೊರೆತಂತೆ ತೋರುತ್ತದೆ.

ಈ ಅನುಮತಿ ಸಲ್ಲದು. ಒಬ್ಬ ಭಾಷಿಕರ 50 ಪ್ರಯೋಗಗಳು ಒಂದರಿಂದೊಂದು ಸ್ವತಂತ್ರವಾಗಿರುವುದಿಲ್ಲ. 'ಆಲು' ಎನ್ನುವವರು 'ಓಗು' ಎಂದೂ ಅನ್ನುವ ಸಂಭವ ಹೆಚ್ಚು. ಐವತ್ತು ಸಲ ಕೇಳಿಸಿಕೊಂಡ ಮಾತ್ರಕ್ಕೆ ಒಬ್ಬ ವ್ಯಕ್ತಿ ಐವತ್ತು ಜನರಾಗುವುದಿಲ್ಲ. ಶಿಕ್ಷಣವು ಪದಪ್ರಯೋಗದ ಗುಣವಲ್ಲ, ವ್ಯಕ್ತಿಯ ಗುಣ. ಹೀಗಾಗಿ ಶಿಕ್ಷಣದ ಪರಿಣಾಮವನ್ನು ಅಳೆಯಲು ಘಟಕವಾಗಬೇಕಾದುದೂ ವ್ಯಕ್ತಿಯೇ. ಪ್ರತಿ ಭಾಷಿಕರಿಗೂ ಒಂದು ಶೇಕಡಾ ಪ್ರಮಾಣ ಕಂಡುಕೊಂಡು ನೋಡಿದರೆ, ಒಂದೇ ಗುಂಪಿನೊಳಗೆ ಕೆಲವರಲ್ಲಿ ಲೋಪ ಶೇಕಡಾ 15, ಕೆಲವರಲ್ಲಿ ಶೇಕಡಾ 80 ಹೀಗೆ ಹರಡಿರುವುದು ತಿಳಿಯುತ್ತದೆ. ಎರಡೂ ಗುಂಪುಗಳಲ್ಲಿ ಈ ಹರವಿನ ಮಾನಕ ವಿಚಲನೆ ಸುಮಾರು 20 ಅಂಶವೆಂದಿರಲಿ. ಗುಂಪಿಗೆ 20 ಜನರಿರುವಾಗ ವ್ಯತ್ಯಾಸದ ಮಾನಕ ದೋಷ 6.3 ಅಂಶವಾಗುತ್ತದೆ. 5ನ್ನು 6.3ರಿಂದ ಭಾಗಿಸಿದರೆ ಬರುವುದು 0.79, ಸಂಭವನೀಯತೆಯ ಮೌಲ್ಯ ಸುಮಾರು 0.43. ಶಿಕ್ಷಣದಿಂದ ಯಾವ ಪರಿಣಾಮವೂ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸವು ನೂರರಲ್ಲಿ ಸುಮಾರು ನಲವತ್ತಮೂರು ಸಲ ಆಕಸ್ಮಿಕವಾಗಿಯೇ ಕಾಣಬಹುದೆಂದು ಇದರ ಅರ್ಥ.

ಒಂದೇ ಸಾಮಗ್ರಿ, ಒಂದೇ ಸರಾಸರಿಗಳು. ಘಟಕವನ್ನು ಬದಲಿಸಿದಾಗ ತೀರ್ಮಾನವೇ ತಿರುವುಮುರುವಾಯಿತು. ಮೌಲ್ಯಮಾಪಕರು ಇದನ್ನು ಪತ್ತೆಹಚ್ಚಲು ಕೋಷ್ಟಕದ ತಲೆಬರಹವನ್ನು ನೋಡಿದರೆ ಸಾಕಾಗುತ್ತದೆ. ಅಲ್ಲಿ ಒಟ್ಟು ಸಂಖ್ಯೆ 2,000 ಎಂದಿದ್ದು, ಭಾಷಿಕರ ಸಂಖ್ಯೆ ಎಲ್ಲಿಯೂ ಇಲ್ಲದಿದ್ದರೆ, ಅಥವಾ ಗುಂಪಿನ ಸರಾಸರಿಯಿದ್ದು ಭಾಷಿಕರ ನಡುವಣ ಹರವು ಇಲ್ಲದಿದ್ದರೆ, ಸಂಶಯಕ್ಕೆ ಕಾರಣವಿದೆ. ಫಲಿತಾಂಶ ಅಧ್ಯಾಯದಲ್ಲಿ 40 ಭಾಷಿಕರ ಪ್ರಮಾಣಗಳನ್ನೂ, ಹೆಸರಿನ ಬದಲು ಸಂಕೇತಸಂಖ್ಯೆ ಕೊಟ್ಟು, ಒಂದು ಪುಟದ ಕೋಷ್ಟಕದಲ್ಲಿ ಮುದ್ರಿಸುವುದು ಅತ್ಯಂತ ಸರಳವಾದ ಪರಿಹಾರ. ಅದನ್ನು ನೋಡಿದ ಓದುಗರು ಲೆಕ್ಕವನ್ನು ತಾವೇ ಮಾಡಿಕೊಳ್ಳಬಲ್ಲರು.

'ಕಾಣಲಿಲ್ಲ' ಮತ್ತು 'ಇಲ್ಲ'

ಪ್ರಾಕ್ಕಲ್ಪನೆಯನ್ನು ಹೇಗಾದರೂ ಉಳಿಸಿಕೊಳ್ಳುವ ತಪ್ಪಿನ ಇನ್ನೊಂದು ಮಗ್ಗುಲು, ಅದನ್ನು ಅವಸರದಲ್ಲಿ ಕೈಬಿಡುವುದು. ಸಂಭವನೀಯತೆಯ ಮೌಲ್ಯ 0.43 ಎಂದು ಕಂಡೊಡನೆ 'ಶಿಕ್ಷಣಕ್ಕೂ ಹಕಾರ ಲೋಪಕ್ಕೂ ಸಂಬಂಧವಿಲ್ಲವೆಂದು ಸಿದ್ಧವಾಯಿತು' ಎಂದು ಬರೆಯುವ ಸಂಶೋಧಕರಿದ್ದಾರೆ. ಇದು ನಿಷ್ಠುರ ಪ್ರಾಮಾಣಿಕತೆಯಂತೆ ಕಾಣುತ್ತದೆ; ಆದರೆ ಸಾಮಗ್ರಿ ಹೇಳಿದ್ದಕ್ಕಿಂತ ಇದೂ ಹೆಚ್ಚಿನದನ್ನೇ ಹೇಳುತ್ತದೆ. ವ್ಯತ್ಯಾಸ ಕಾಣಲಿಲ್ಲ ಎಂಬುದಕ್ಕೂ ವ್ಯತ್ಯಾಸ ಇಲ್ಲ ಎಂಬುದಕ್ಕೂ ನಡುವೆ ಅಂತರವಿದೆ. ಆ ಅಂತರವನ್ನು ಅಳೆಯುವ ಸಾಧನವೆಂದರೆ ವ್ಯತ್ಯಾಸದ ವಿಶ್ವಾಸವ್ಯಾಪ್ತಿ.

ಉದಾಹರಣೆಯ ಅಂಕಿಗಳಲ್ಲಿ ಶೇಕಡಾ 95ರ ವಿಶ್ವಾಸವ್ಯಾಪ್ತಿಯು 5 ಅಂಶದಿಂದ ಎರಡೂ ಕಡೆಗೆ 12.8 ಅಂಶಗಳಷ್ಟು ಹರಡುತ್ತದೆ. ಎಂದರೆ ಅದರ ಒಂದು ತುದಿ -7.8, ಇನ್ನೊಂದು ತುದಿ 17.8. ಇದೇ ವಿಧಾನದಲ್ಲಿ ಮತ್ತೆ ಮತ್ತೆ ಭಾಷಿಕರನ್ನು ಆಯ್ದು ಇಂತಹ ವ್ಯಾಪ್ತಿಯನ್ನು ಲೆಕ್ಕ ಹಾಕುತ್ತ ಹೋದರೆ ನೂರರಲ್ಲಿ ಸುಮಾರು 95 ಸಲ ನಿಜವಾದ ವ್ಯತ್ಯಾಸವು ಆಯಾ ವ್ಯಾಪ್ತಿಯೊಳಗೆ ಸೇರಿರುತ್ತದೆ. ಈ ಎರಡು ತುದಿಗಳನ್ನು ಓದುವ ಕ್ರಮದಲ್ಲಿಯೇ ಅಧ್ಯಾಯದ ಮುಖ್ಯ ತೀರ್ಮಾನ ಅಡಗಿದೆ.

ಸಾರಲೇಖ ನಿರೀಕ್ಷಿಸಿದ್ದು ಕನಿಷ್ಠ 20 ಅಂಶ. ವ್ಯಾಪ್ತಿಯ ಮೇಲಿನ ತುದಿ 17.8. ಆದ್ದರಿಂದ ನಿರೀಕ್ಷಿಸಿದಷ್ಟು ದೊಡ್ಡ ವ್ಯತ್ಯಾಸವು ಈ ಸಾಮಗ್ರಿಯೊಂದಿಗೆ ಹೊಂದುವುದಿಲ್ಲ. ಇದು ನಿಶ್ಚಿತವಾದ, ಹೇಳಲು ಯೋಗ್ಯವಾದ ಫಲಿತಾಂಶ. ಆದರೆ ಸೊನ್ನೆಯೂ ಹತ್ತೂ ಹದಿನೈದೂ ಈ ವ್ಯಾಪ್ತಿಯೊಳಗೇ ಇವೆ. ಸಾಧಾರಣ ಗಾತ್ರದ ಪರಿಣಾಮ ಇದೆಯೋ ಇಲ್ಲವೋ ಎಂಬುದನ್ನು 40 ಭಾಷಿಕರಿಂದ ನಿರ್ಣಯಿಸಲಾಗದು. ಇದೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕಾದ ಮಾತು. ವ್ಯಾಪ್ತಿಯು -2ರಿಂದ 3ರವರೆಗೆ ಮಾತ್ರ ಇದ್ದಿದ್ದರೆ 'ಪರಿಣಾಮವಿದ್ದರೂ ನಗಣ್ಯ' ಎನ್ನಬಹುದಾಗಿತ್ತು. -20ರಿಂದ 30ರವರೆಗೆ ಇದ್ದಿದ್ದರೆ 'ಈ ಸಾಮಗ್ರಿಯಿಂದ ಏನನ್ನೂ ನಿರ್ಣಯಿಸಲಾಗದು' ಎನ್ನಬೇಕಾಗುತ್ತಿತ್ತು. ಮೂರು ಸಂದರ್ಭಗಳಲ್ಲಿಯೂ ಪ್ರಾಕ್ಕಲ್ಪನೆಗೆ ಬೆಂಬಲವಿಲ್ಲ; ಆದರೆ ಮೂರು ಅಧ್ಯಾಯಗಳ ಅರ್ಥ ಬೇರೆ ಬೇರೆ. 'ಬೆಂಬಲ ದೊರೆಯಲಿಲ್ಲ' ಎಂಬ ಒಂದೇ ವಾಕ್ಯದಿಂದ ತೃಪ್ತರಾದ ಸಂಶೋಧಕರು ಮುಂದಿನವರಿಗೆ ತಿಳಿಯಬೇಕಾದ ಭೇದವನ್ನೇ ಅಳಿಸಿಹಾಕುತ್ತಾರೆ. ಅದೇ ಪ್ರದೇಶದಲ್ಲಿ ಅದೇ ಪ್ರಶ್ನೆಯನ್ನು ಎತ್ತಿಕೊಳ್ಳುವ ಮುಂದಿನ ವಿದ್ಯಾರ್ಥಿಗೆ ಇನ್ನೂ ಎಷ್ಟು ಭಾಷಿಕರು ಬೇಕು, ಅಥವಾ ಪ್ರಶ್ನೆಯನ್ನೇ ಬಿಡುವುದು ಲೇಸೇ ಎಂಬುದು ತಿಳಿಯುವುದು ಈ ತುದಿಗಳಿಂದಲೇ.

ಇಷ್ಟವಿಲ್ಲದ ಫಲಿತಾಂಶದ ಮರುಪರೀಕ್ಷೆ

ನಿರೀಕ್ಷೆ ಹುಸಿಯಾದಾಗ ಎಣಿಕೆಯಲ್ಲಿಯೇ ತಪ್ಪಾಗಿರಬಹುದೆಂಬ ಅನುಮಾನ ಬರುವುದು ಸಹಜ. ಅದು ಯುಕ್ತವೂ ಹೌದು. ಹಕಾರದಂತಹ ಮೆಲುಧ್ವನಿಯನ್ನು ಧ್ವನಿಮುದ್ರಿಕೆಯಲ್ಲಿ ಗುರುತಿಸುವುದು ಸುಲಭವಲ್ಲ. ಹಿನ್ನೆಲೆಯ ಸದ್ದಿದ್ದಾಗ 'ಹಾಲು' ಎಂಬುದೇ 'ಆಲು' ಎಂದು ಕೇಳಿಸಬಹುದು. ಕೇಳುವವರಿಗೆ ಭಾಷಿಕರ ಶಿಕ್ಷಣದ ಹಿನ್ನೆಲೆ ಗೊತ್ತಿದ್ದರೆ ಕಿವಿಯೂ ಅದರತ್ತ ವಾಲಬಹುದು. ಆದ್ದರಿಂದ ಪ್ರಯೋಗಗಳಲ್ಲಿ ಹತ್ತರಲ್ಲೊಂದು ಭಾಗವನ್ನು, ಎಂದರೆ 200ನ್ನು, ಗುಂಪಿನ ಅರಿವಿಲ್ಲದ ಇನ್ನೊಬ್ಬರಿಂದ ಕೇಳಿಸಿ ಗುರುತು ಹಾಕಿಸುವುದು ವಿಹಿತವಾದ ಕ್ರಮ. ಇಬ್ಬರ ಗುರುತುಗಳು 184ರಲ್ಲಿ ಕೂಡಿದರೆ ಹೊಂದಾಣಿಕೆ ಶೇಕಡಾ 92.

ಇಲ್ಲಿನ ಅಪಾಯವಿರುವುದು ಮರುಪರೀಕ್ಷೆಯಲ್ಲಲ್ಲ, ಅದರ ಪಕ್ಷಪಾತದಲ್ಲಿ. ಫಲಿತಾಂಶ ಅನುಕೂಲವಾಗಿದ್ದರೆ ಯಾರೂ ಮತ್ತೆ ಕೇಳುವುದಿಲ್ಲ. ಪ್ರತಿಕೂಲವಾದಾಗ ಮಾತ್ರ ಕೇಳುತ್ತಾರೆ. ಅದರಲ್ಲಿಯೂ ಪ್ರಾಕ್ಕಲ್ಪನೆಗೆ ಹೊಂದದ ಭಾಷಿಕರ ಮುದ್ರಿಕೆಗಳನ್ನಷ್ಟೇ ಆರಿಸಿ ಕೇಳುತ್ತಾರೆ. ಪ್ರೌಢಶಾಲೆ ಮುಗಿಸಿಯೂ ಶೇಕಡಾ 75ರಷ್ಟು ಹಕಾರ ಬಿಡುವ ವ್ಯಕ್ತಿಯನ್ನು 'ಅಪವಾದ'ವೆಂದು ಕೈಬಿಟ್ಟು, ಪ್ರಾಥಮಿಕ ಗುಂಪಿನಲ್ಲಿ ಶೇಕಡಾ 75 ಇರುವವರನ್ನು ಉಳಿಸಿಕೊಂಡರೆ ಸರಾಸರಿ ತಾನಾಗಿಯೇ ಬೇಕಾದ ಕಡೆಗೆ ಸರಿಯುತ್ತದೆ. ಇದನ್ನು ತಡೆಯುವ ದಾರಿ ಎರಡು. ಮರುಪರೀಕ್ಷೆಗೆ ಆಯ್ಕೆ ಎರಡೂ ಗುಂಪುಗಳಿಂದ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆಗಬೇಕು. ಯಾವುದೇ ಭಾಷಿಕರನ್ನು ಕೈಬಿಟ್ಟಿದ್ದರೆ, ಕಾರಣವನ್ನೂ, ಕೈಬಿಡುವ ಮೊದಲಿನ ಮತ್ತು ಅನಂತರದ ಫಲಿತಾಂಶಗಳೆರಡನ್ನೂ ಪಕ್ಕಪಕ್ಕದಲ್ಲಿ ಕೊಡಬೇಕು.

ಹುಡುಕುವಾಗ ಸಿಕ್ಕದ್ದು

ಮುಖ್ಯ ಪ್ರಾಕ್ಕಲ್ಪನೆ ನಿಲ್ಲದಿದ್ದಾಗ ಸಂಶೋಧಕರು ಸಾಮಗ್ರಿಯನ್ನು ಬೇರೆ ಬೇರೆ ಬಗೆಯಲ್ಲಿ ಒಡೆದು ನೋಡುತ್ತಾರೆ. ಉದಾಹರಣೆಯ ಅಧ್ಯಯನದಲ್ಲಿ ಪ್ರತಿ ಗುಂಪಿನಲ್ಲಿಯೂ 10 ಹೆಂಗಸರು, 10 ಗಂಡಸರು ಇದ್ದಾರೆ. ಪ್ರಾಥಮಿಕ ಶಿಕ್ಷಣದ ಹೆಂಗಸರಲ್ಲಿ ಲೋಪದ ಸರಾಸರಿ ಶೇಕಡಾ 49, ಪ್ರೌಢಶಿಕ್ಷಣದ ಹೆಂಗಸರಲ್ಲಿ ಶೇಕಡಾ 35. ವ್ಯತ್ಯಾಸ 14 ಅಂಶ. ಗಂಡಸರಲ್ಲಿ ಇದು ಕ್ರಮವಾಗಿ 43 ಮತ್ತು 47. ಎಂದರೆ ಪ್ರಾಕ್ಕಲ್ಪನೆಗೆ ವಿರುದ್ಧ ದಿಕ್ಕಿನಲ್ಲಿ 4 ಅಂಶ. ಹೆಂಗಸರ ಮಾತಿನ ಹರವು ಕಡಿಮೆಯಿದ್ದು, ಮಾನಕ ವಿಚಲನೆ 14 ಎಂದಾದರೆ, ಅವರಲ್ಲಿನ ವ್ಯತ್ಯಾಸಕ್ಕೆ ಸಂಭವನೀಯತೆಯ ಮೌಲ್ಯ ಸುಮಾರು 0.04.

'ಶಿಕ್ಷಣವು ಮಹಿಳೆಯರಲ್ಲಿ ಹಕಾರ ಲೋಪವನ್ನು ತಗ್ಗಿಸುತ್ತದೆ' ಎಂಬ ಶೀರ್ಷಿಕೆ ಆಗಲೇ ಮನಸ್ಸಿನಲ್ಲಿ ಮೂಡಿರುತ್ತದೆ. ಅದಕ್ಕೆ ಒಪ್ಪುವ ವಿವರಣೆಗೂ ಕೊರತೆಯಿಲ್ಲ. ಪ್ರತಿಷ್ಠಿತ ರೂಪಗಳತ್ತ ಮಹಿಳೆಯರ ಒಲವು ಹೆಚ್ಚೆಂದು ಹೇಳುವ ಪಾಶ್ಚಾತ್ಯ ಅಧ್ಯಯನಗಳು ಸಾಕಷ್ಟಿವೆ. ಆದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಇದು ಎಷ್ಟನೆಯ ಹುಡುಕಾಟದಲ್ಲಿ ಸಿಕ್ಕಿತು? ಲಿಂಗ, ವಯಸ್ಸು, ವೃತ್ತಿ, ಸಮುದಾಯ, ಊರು ಹೀಗೆ ಹತ್ತು ಉಪಗುಂಪುಗಳನ್ನು ಪರೀಕ್ಷಿಸಿದ್ದರೆ, ಎಲ್ಲಿಯೂ ನಿಜವಾದ ಪರಿಣಾಮವಿಲ್ಲದಿದ್ದರೂ, ಹತ್ತು ಪರೀಕ್ಷೆಗಳು ಪರಸ್ಪರ ಸ್ವತಂತ್ರವೆಂದು ಭಾವಿಸಿದಲ್ಲಿ, ಕನಿಷ್ಠ ಒಂದಾದರೂ 0.05ರ ಮಿತಿಯೊಳಗೆ ಬರುವ ಸಂಭವ ಶೇಕಡಾ 40. ಸಿಕ್ಕಿದ ಒಂದನ್ನು ಮಾತ್ರ ಬರೆದು ಸಿಕ್ಕದ ಒಂಬತ್ತನ್ನು ಬಿಟ್ಟರೆ ಓದುಗರಿಗೆ ಈ ಶೇಕಡಾ 40 ಕಾಣುವುದೇ ಇಲ್ಲ.

ಹೀಗೆಂದು ಈ ಕಂಡುಕೊಳ್ಳುವಿಕೆಯನ್ನು ಎಸೆಯಬೇಕಾಗಿಲ್ಲ. ಅದಕ್ಕೆ ತಕ್ಕ ಸ್ಥಾನ ಕೊಟ್ಟರೆ ಸಾಕು. ಮುಖ್ಯ ಪ್ರಾಕ್ಕಲ್ಪನೆಯ ಫಲಿತಾಂಶವನ್ನು ಪೂರ್ಣವಾಗಿ ಹೇಳಿ ಮುಗಿಸಿದ ಮೇಲೆ, 'ಶೋಧನಾತ್ಮಕ ವಿಶ್ಲೇಷಣೆ' ಎಂಬ ಪ್ರತ್ಯೇಕ ಉಪಶೀರ್ಷಿಕೆಯಡಿ, ಹತ್ತು ಉಪಗುಂಪುಗಳ ಅಂಕಿಗಳನ್ನೂ ಒಂದೇ ಕೋಷ್ಟಕದಲ್ಲಿ ಕೊಡಬೇಕು. ಅವುಗಳಲ್ಲಿ ಹೆಂಗಸರ ಗುಂಪಿನದು ಮುಂದಿನ ಅಧ್ಯಯನಕ್ಕೆ ಪ್ರಾಕ್ಕಲ್ಪನೆಯಾಗಬಹುದೆಂದು ಸೂಚಿಸಬೇಕು. ಹೊಸ ಪ್ರಾಕ್ಕಲ್ಪನೆಗೆ ಹೊಸ ಸಾಮಗ್ರಿಯೇ ಪರೀಕ್ಷೆ. ಸಾರಾಂಶದಲ್ಲಿ ಮತ್ತು ಉಪಸಂಹಾರದಲ್ಲಿಯೂ ಈ ಕ್ರಮ ಕದಲಬಾರದು. ಫಲಿತಾಂಶ ಅಧ್ಯಾಯದಲ್ಲಿ ಎಚ್ಚರದಿಂದ ಬರೆದದ್ದು ಉಪಸಂಹಾರಕ್ಕೆ ಬರುವಷ್ಟರಲ್ಲಿ 'ಮಹಿಳೆಯರಲ್ಲಿ ಸಾಬೀತಾಗಿದೆ' ಎಂದಾಗುವುದು ಆಗಾಗ ಕಂಡುಬರುವ ದೋಷ. ಓದುವವರಲ್ಲಿ ಹೆಚ್ಚಿನವರು ಉಪಸಂಹಾರವನ್ನೇ ಓದುತ್ತಾರೆಂಬುದರಿಂದ ಇದು ಸಣ್ಣ ದೋಷವಲ್ಲ.

ಫಲಿತಾಂಶದ ಪುಟ ಮತ್ತು ಚರ್ಚೆಯ ಪುಟ

ಮೇಲಿನ ವಿಚಾರಗಳನ್ನು ಒಗ್ಗೂಡಿಸಿದರೆ ಅಧ್ಯಾಯದ ಮುಖ್ಯ ಪರಿಚ್ಛೇದವು ಸ್ಥೂಲವಾಗಿ ಹೀಗೆ ರೂಪುಗೊಳ್ಳುತ್ತದೆ:

'ಪ್ರೌಢಶಾಲೆ ಮುಗಿಸಿದವರಲ್ಲಿ ಪದಾದಿ ಹಕಾರದ ಲೋಪ ಕನಿಷ್ಠ 20 ಅಂಶ ಕಡಿಮೆ ಇರುತ್ತದೆಂಬುದು ಸಾರಲೇಖದ ಪ್ರಾಕ್ಕಲ್ಪನೆ. 40 ಭಾಷಿಕರನ್ನು ಘಟಕವಾಗಿ ಪರಿಗಣಿಸಿದಾಗ ಕಂಡುಬಂದ ವ್ಯತ್ಯಾಸ 5 ಅಂಶ. ಶೇಕಡಾ 95ರ ವಿಶ್ವಾಸವ್ಯಾಪ್ತಿ -7.8ರಿಂದ 17.8. ಪ್ರಾಕ್ಕಲ್ಪನೆಗೆ ಬೆಂಬಲ ದೊರೆತಿಲ್ಲ. ನಿರೀಕ್ಷಿತ ಪ್ರಮಾಣದ ವ್ಯತ್ಯಾಸವು ಈ ಸಾಮಗ್ರಿಯೊಂದಿಗೆ ಹೊಂದುವುದಿಲ್ಲ. ಅದಕ್ಕಿಂತ ಕಿರಿದಾದ ವ್ಯತ್ಯಾಸದ ಇರವು ಅಥವಾ ಇಲ್ಲದಿರುವಿಕೆಯನ್ನು ಈ ಅಧ್ಯಯನ ನಿರ್ಣಯಿಸಲಾರದು.'

ಈ ಪರಿಚ್ಛೇದದಲ್ಲಿ ಕಾರಣಗಳಿಲ್ಲ ಎಂಬುದನ್ನು ಗಮನಿಸಬೇಕು. ಧ್ವನಿಮುದ್ರಣದ ಎದುರು ಕುಳಿತಾಗ ಪ್ರಾಥಮಿಕ ಶಿಕ್ಷಣದವರೂ ಎಚ್ಚರದಿಂದ ಮಾತನಾಡಿರಬಹುದು. ಹಕಾರವನ್ನು ಉಳಿಸಿಕೊಳ್ಳುವ ಯತ್ನವು 'ಅಕ್ಕಿ'ಯನ್ನು 'ಹಕ್ಕಿ' ಎನ್ನುವ ಅತಿಶುದ್ಧಿಯ ರೂಪದಲ್ಲಿ ಪ್ರಕಟವಾಗಿದ್ದು, ಲೋಪವನ್ನಷ್ಟೇ ಎಣಿಸಿದ ವಿಧಾನಕ್ಕೆ ಅದು ಸಿಕ್ಕಿರಲಿಕ್ಕಿಲ್ಲ. ಇವು ಯೋಚಿಸತಕ್ಕ ಸಾಧ್ಯತೆಗಳೇ. ಆದರೆ ಅವುಗಳ ಸ್ಥಾನ ಚರ್ಚೆಯ ಅಧ್ಯಾಯ. ಫಲಿತಾಂಶದ ವಾಕ್ಯಕ್ಕೆ 'ಆದರೂ' ಎಂದು ಜೋಡಿಸಿ ಇವನ್ನು ಅಲ್ಲಿಯೇ ಹೇಳಿದರೆ, ಪ್ರಾಕ್ಕಲ್ಪನೆ ಸರಿಯೇ ಇದ್ದು ಸಾಮಗ್ರಿಯೇ ತಪ್ಪಿತೆಂಬ ಭಾವನೆ ಓದುಗರಲ್ಲಿ ಉಳಿಯುತ್ತದೆ. ಫಲಿತಾಂಶ ಅನುಕೂಲವಾಗಿದ್ದರೆ ಇವೇ ಮಿತಿಗಳನ್ನು ಬರೆಯಲಾಗುತ್ತಿತ್ತೇ ಎಂದು ಕೇಳಿಕೊಳ್ಳುವುದು ಇಲ್ಲಿ ಉತ್ತಮ ಪರೀಕ್ಷೆ. ಬರೆಯುತ್ತಿರಲಿಲ್ಲವಾದರೆ ಅವು ಮಿತಿಗಳಲ್ಲ, ಸಮಜಾಯಿಷಿಗಳು.

ಬ್ರೈಟ್ ಮತ್ತು ರಾಮಾನುಜನ್ ಅವರ ಪ್ರಬಂಧವನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ಪರಿಶೀಲಿಸಬಹುದು. ತುಳುವಿನಲ್ಲಿ ಎರಡೂ ಪ್ರಭೇದಗಳು ಬದಲಾಗಿವೆ ಎಂಬುದು ಅಲ್ಲಿನ ಫಲಿತಾಂಶ. ಅಕ್ಷರಜ್ಞಾನದ ತಡೆ ಎಂಬುದು ವಿವರಣೆ. ಅನಂತರದ ದಶಕಗಳಲ್ಲಿ ತಿಗಳಾರಿ ಲಿಪಿಯ 'ಶ್ರೀ ಭಾಗವತೊ', 'ಕಾವೇರಿ'ಯಂತಹ ತುಳು ಕಾವ್ಯಗಳು ವೆಂಕಟರಾಜ ಪುಣಿಂಚಿತ್ತಾಯರ ಶ್ರಮದಿಂದ ಬೆಳಕಿಗೆ ಬಂದವು. ತುಳುವಿಗೆ ಲಿಖಿತ ಪರಂಪರೆ ಇರಲಿಲ್ಲವೆಂಬ ಗ್ರಹಿಕೆಯನ್ನು ಹಾಗಾಗಿ ಈಗ ಹೆಚ್ಚು ಎಚ್ಚರದಿಂದ ಹೇಳಬೇಕಾಗಿದೆ; ಕಾವ್ಯಗಳಿದ್ದರೂ ದೈನಂದಿನ ಬರವಣಿಗೆ ವ್ಯಾಪಕವಾಗಿತ್ತೇ ಎಂಬ ಪ್ರಶ್ನೆ ಬೇರೆಯದು. ವಿವರಣೆಯನ್ನು ಹೀಗೆ ಮರುಪರಿಶೀಲಿಸಬೇಕಾಗಿ ಬಂದರೂ ಅದರ ಕೆಳಗಿರುವ ಫಲಿತಾಂಶ ಅಲುಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಲು ಸಾಧ್ಯವಿರುವುದರಿಂದಲೇ ಇಂದಿನ ಸಂಶೋಧಕರು ವಿವರಣೆಯನ್ನು ಪ್ರಶ್ನಿಸಿ ಫಲಿತಾಂಶವನ್ನು ಬಳಸಿಕೊಳ್ಳಬಲ್ಲರು. ಸಮರ್ಥಿತವಾಗದ ಪ್ರಾಕ್ಕಲ್ಪನೆಯ ಅಧ್ಯಾಯವನ್ನು ಬರೆಯುವವರು ಮುಂದಿನವರಿಗೆ ಉಳಿಸಬೇಕಾದುದೂ ಇದನ್ನೇ: ವಿವರಣೆಗಳು ಬದಲಾದರೂ ತಿರುಗಿ ನೋಡಲು ಬರುವ ಅಂಕಿಗಳು, ಮತ್ತು ಅವು ಎಲ್ಲಿಯವರೆಗೆ ಮಾತನಾಡುತ್ತವೆ ಎಂಬುದರ ಸ್ಪಷ್ಟ ಗಡಿ.